ವಸೂಲಿಯೂ ಲೆಕ್ಕವೂ ಒಬ್ಬರ ಕೈಯಲ್ಲೇ? ಮನೆತನದ ಅಂಗಡಿಯಲ್ಲಿ ಕೆಲಸ ಹಂಚುವ ಬಗೆ

ಗುಳೇದಗುಡ್ಡದಲ್ಲಿ ಖಣದ ಸಗಟು ವ್ಯಾಪಾರ ಮಾಡುವ ಒಂದು ಮನೆತನವಿದೆ ಎಂದಿಟ್ಟುಕೊಳ್ಳಿ. ಜಮಖಂಡಿ, ಮುಧೋಳ, ಬಾದಾಮಿಯ ಅಂಗಡಿಗಳಿಗೆ ಉದ್ರಿ ಮಾಲು ಹೋಗುತ್ತದೆ. ನಂಬಿಗಸ್ತನೊಬ್ಬ ವಾರಕ್ಕೊಮ್ಮೆ ಊರೂರು ತಿರುಗಿ ವಸೂಲಿ ಮಾಡುತ್ತಾನೆ, ಬಂದು ತಾನೇ ಖಾತೆ ಬರೆಯುತ್ತಾನೆ. ಇಲ್ಲಿ ನಡೆಯಬಹುದಾದ ಮೋಸದ ದಾರಿ ನೋಡಿ.

3ನೇ ತಾರೀಖು ಜಮಖಂಡಿಯವರು ಕೊಟ್ಟ ₹18,000 ಅವನ ಜೇಬಿಗೆ ಹೋಯಿತು. 10ಕ್ಕೆ ಮುಧೋಳದವರು ₹25,000 ಕೊಟ್ಟರು. ಅದರಲ್ಲಿ 18,000 ಜಮಖಂಡಿಯ ಖಾತೆಗೆ, ಉಳಿದ 7,000 ಮುಧೋಳದ ಖಾತೆಗೆ ಜಮಾ ಆಯಿತು. 17ಕ್ಕೆ ಬಾದಾಮಿಯಿಂದ ಬಂದ ₹30,000ದಲ್ಲಿ 18,000 ಮುಧೋಳಕ್ಕೆ, 12,000 ಬಾದಾಮಿಗೆ. ತೂತು ಒಂದೇ, ಖಾತೆಯಿಂದ ಖಾತೆಗೆ ಸರಿಯುತ್ತಿದೆ. ಯಜಮಾನರು ದಿನಾ ಗಲ್ಲಾ ಎಣಿಸಿದರೂ ಇದು ಸಿಗುವುದಿಲ್ಲ. ಕಿರ್ದಿಗೂ ಬ್ಯಾಂಕಿಗೂ ಸರಿಯಾಗಿ ತಾಳೆಯಾಗುತ್ತದೆ. ಏಕೆಂದರೆ ಕದ್ದ ಹಣ ಕಿರ್ದಿಗೆ ಬಂದೇ ಇಲ್ಲ.

ಮೊದಲ ಹೆಜ್ಜೆ, ಉದ್ರಿಯ ಕೆಲಸವನ್ನು ನಾಲ್ಕಾಗಿ ಒಡೆಯುವುದು: ಉದ್ರಿಗೂ ಸೂಟ್ ಎಂಬ ರಿಯಾಯಿತಿಗೂ ಮಾಲು ವಾಪಸಿಗೂ ಒಪ್ಪಿಗೆ ಕೊಡುವುದು, ಹಣ ತರುವುದು, ಖಾತೆ ಬರೆಯುವುದು, ತಾಳೆ ನೋಡುವುದು. ನಾಲ್ಕು ಜನ ಇರಬೇಕೆಂದಿಲ್ಲ. ಒಪ್ಪಿಗೆ ಯಜಮಾನರದು, ವಸೂಲಿ ಆ ನಂಬಿಗಸ್ತನದು, ಖಾತೆ ದಿವಾನಜಿಯದು, ತಾಳೆ ಮನೆಯಲ್ಲಿರುವ ಸೊಸೆಯದೋ ಮಗಳದೋ ಆಗಲಿ. ವಾರಕ್ಕೆ ಒಂದೆರಡು ತಾಸು ಸಾಕು. ಹಣ ಮುಟ್ಟುವವರು ಖಾತೆ ಮುಟ್ಟಬಾರದು ಎಂಬುದೊಂದನ್ನು ಮಾತ್ರ ಸಡಿಲಿಸಬೇಡಿ, ವಸೂಲಿಗೆ ಹೋಗುವವರು ಯಜಮಾನರ ಅಳಿಯನೇ ಆಗಿದ್ದರೂ.

ಆದರೆ ಕೆಲಸ ಹಂಚಿದ ಮಾತ್ರಕ್ಕೆ ಮೇಲಿನ ಮೋಸ ನಿಲ್ಲುವುದಿಲ್ಲ. ಮುಧೋಳದ ಹಣವನ್ನು ‘ಜಮಖಂಡಿಯವರದು’ ಎಂದು ದಿವಾನಜಿಗೆ ಹೇಳಿ ಒಪ್ಪಿಸಿದರೆ ಅವರು ಹಾಗೆಯೇ ಬರೆಯುತ್ತಾರೆ. ಆದ್ದರಿಂದ ಪಾವತಿ ಪುಸ್ತಕ, ಅಂದರೆ ರಸೀದಿ ಪುಸ್ತಕ, ಬೇಕು: ಅಚ್ಚಾದ ಕ್ರಮಸಂಖ್ಯೆಯ, ಮೂರು ಪ್ರತಿಯದು. ಒಂದು ಗಿರಾಕಿಗೆ, ಒಂದು ದಿವಾನಜಿಗೆ, ಒಂದು ಪುಸ್ತಕದಲ್ಲೇ. ಖಾಲಿ ಪುಸ್ತಕಗಳು ಯಜಮಾನರ ತಿಜೋರಿಯಲ್ಲಿರಲಿ. ಹಳೆಯದು ಮರಳಿ ಬಂದ ಮೇಲೆಯೇ ಹೊಸದು. ರದ್ದಾದ ಪಾವತಿಯ ಮೂರೂ ಪ್ರತಿ ಪುಸ್ತಕದಲ್ಲೇ ಇರಬೇಕು.

ಪಾವತಿಯನ್ನೇ ಕೊಡದಿದ್ದರೆ, ಅಥವಾ ಅಂಥದೇ ಇನ್ನೊಂದು ಪುಸ್ತಕ ಅಚ್ಚು ಹಾಕಿಸಿದರೆ? ಇಲ್ಲಿ ಕೆಲಸಕ್ಕೆ ಬರುವುದು ಸಂದೇಶ. ಖಾತೆಗೆ ಜಮಾ ಆದ ದಿನವೇ ತಾಳೆ ನೋಡುವವರ ಫೋನಿನಿಂದ ಗಿರಾಕಿಗೆ ನೇರವಾಗಿ ಹೋಗಲಿ: ‘ನಿಮ್ಮಿಂದ ₹7,000 ಜಮಾ, ಬಾಕಿ ₹18,000.’ ಪೂರಾ 25,000 ಕೊಟ್ಟ ಮುಧೋಳದವರು ಆ ಸಂಜೆಯೇ ಫೋನ್ ಮಾಡುತ್ತಾರೆ. ‘ಹಣ ಕೊಟ್ಟ ಮರುದಿನ ಸಂಜೆಯೊಳಗೆ ಸಂದೇಶ ಬರದಿದ್ದರೆ ಈ ನಂಬರಿಗೆ ತಿಳಿಸಿ’ ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಜಮಖಂಡಿಯ ಹಣ 4ನೇ ತಾರೀಖಿಗೇ ಬಯಲಿಗೆ ಬರುತ್ತಿತ್ತು. ಗಿರಾಕಿಗಳ ಫೋನ್ ನಂಬರುಗಳನ್ನು ಯಜಮಾನರೇ ಖಾತ್ರಿ ಮಾಡಿಕೊಂಡಿರಬೇಕು. ವಸೂಲಿಯವನು ಬರೆಸಿದ ನಂಬರಿಗೆ ಸಂದೇಶ ಹೋದರೆ ಅದು ಅವನ ಗೆಳೆಯನ ಫೋನೇ ಇರಬಹುದು.

ಬಂದ ನಗದು ಮರುದಿನ ಇದ್ದಂತೆಯೇ ಬ್ಯಾಂಕಿಗೆ ಹೋಗಲಿ. ಡೀಸೆಲ್, ಚಹಾದ ಖರ್ಚಿಗೆ ₹3,000 ಬೇರೆ ಕೊಟ್ಟಿಡಿ. ವಸೂಲಿಯಿಂದಲೇ ಮುರಿದುಕೊಂಡರೆ ಪಾವತಿಯ ಮೊತ್ತಕ್ಕೂ ಬ್ಯಾಂಕಿನ ಮೊತ್ತಕ್ಕೂ ಹೋಲಿಕೆಯೇ ಇರುವುದಿಲ್ಲ. ಯುಪಿಐ ಹಣ ಅಂಗಡಿಯ ಕರೆಂಟ್ ಖಾತೆಗೆ ಮಾತ್ರ, ಕ್ಯೂಆರ್ ಬಿಲ್ಲಿನ ಮೇಲೆಯೇ ಅಚ್ಚಾಗಿರಲಿ.

ಇಂಥ ಮೋಸ ಮುಚ್ಚುವುದು ಸಾಮಾನ್ಯವಾಗಿ ಸೂಟ್ ಅಥವಾ ‘ಮಾಲು ವಾಪಸ್’ ಹೆಸರಿನಲ್ಲಿ. ಹಾಗಾಗಿ ಯಜಮಾನರ ಸಹಿ ಇಲ್ಲದೆ, ವಾಪಸ್ ಬಂದ ಖಣ ಗೋದಾಮಿನಲ್ಲಿ ಎಣಿಕೆಯಾಗದೆ ಕ್ರೆಡಿಟ್ ನೋಟ್ ಆಗಕೂಡದು. ಟ್ಯಾಲಿಯಲ್ಲಿ ದಿವಾನಜಿಗೆ ಬೇರೆ ಲಾಗಿನ್ ಕೊಡಿ, ಹಿಂದಿನ ತಾರೀಖಿಗೆ ಬರೆಯುವುದನ್ನೂ ನಮೂದು ಅಳಿಸುವುದನ್ನೂ ತಡೆಯಿರಿ. ಎಡಿಟ್ ಲಾಗ್ ಇದ್ದರೆ ಯಾರು ಯಾವಾಗ ತಿದ್ದಿದರು ಎಂಬುದು ಉಳಿಯುತ್ತದೆ.

ತಾಳೆ ನೋಡುವವರು ವಾರಕ್ಕೊಮ್ಮೆ ಪಾವತಿ ಪ್ರತಿ, ಖಾತೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಜೋಡಿಸಲಿ. ಪಾವತಿಯ ತಾರೀಖಿಗೂ ಜಮಾ ತಾರೀಖಿಗೂ ನಾಲ್ಕೈದು ದಿನದ ಅಂತರ, ಬಿಲ್ಲಿಗೆ ಹೊಂದದ ತುಂಡು ಜಮೆಗಳು, ಬಾಕಿ ಕೇಳಿದರೆ ‘ಕೊಟ್ಟಾಯಿತಲ್ಲ’ ಎಂದು ಸಿಟ್ಟಾಗುವ ಗಿರಾಕಿ: ಇವು ಗುರುತುಗಳು. ವರ್ಷಕ್ಕೊಮ್ಮೆ ಎರಡು ವಾರ ವಸೂಲಿಯವನಿಗೆ ಕಡ್ಡಾಯ ಸೂಟಿ ಕೊಟ್ಟು ಬೇರೆಯವರನ್ನು ಕಳಿಸಿ. ಈ ಮೋಸಕ್ಕೆ ಪ್ರತಿ ವಾರದ ಕೈಕೆಲಸ ಬೇಕು. ಕೈ ನಿಂತರೆ ಖಾತೆಯಲ್ಲಿ ತೂತು ಕಾಣುತ್ತದೆ.

ವಸೂಲಿಯವನೂ ದಿವಾನಜಿಯೂ ಕೂಡಿಕೊಂಡರೆ ಪಾವತಿ ಪುಸ್ತಕ ಉಪಯೋಗಕ್ಕೆ ಬರದು. ಆಗ ಉಳಿಯುವುದು ಗಿರಾಕಿಯ ಮಾತು ಮಾತ್ರ. ಅದಕ್ಕೇ ತಿಂಗಳಿಗೆ ಹತ್ತು ಗಿರಾಕಿಗಳಿಗೆ, ಪ್ರತಿ ಸಲ ಬೇರೆಯವರನ್ನು ಆರಿಸಿ, ಖಾತೆ ಉತಾರೆ ಕಳಿಸಿ ಬಾಕಿ ಒಪ್ಪಿಗೆ ತರಿಸಿಕೊಳ್ಳಿ. ವ್ಯತ್ಯಾಸ ಕಂಡರೆ ಆ ದಿನವೇ ಜಗಳಕ್ಕೆ ನಿಲ್ಲಬೇಡಿ. ಮೊದಲು ಪಾವತಿ ಪುಸ್ತಕಗಳನ್ನು ವಶಕ್ಕೆ ತೆಗೆದುಕೊಂಡು, ಟ್ಯಾಲಿಯ ಬ್ಯಾಕಪ್ ಇಟ್ಟು, ಗಿರಾಕಿಗಳಿಂದ ಅವರ ಪಾವತಿ ಪ್ರತಿಯ ಫೋಟೊ ತರಿಸಿ. ಆಮೇಲೆ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ವಸೂಲಿಯವನನ್ನು ಕೇಳಿ.