2ರಿಂದ 9ಕ್ಕೆ ಹೋದರೆ ಶೇ 350 ಏರಿಕೆ: ವಾರ್ಷಿಕ ವರದಿಯ ಒಂದು ಸಾಲನ್ನು ಬಿಡಿಸಿ ನೋಡಿದ್ದು

ಒಂದು ಸಾಫ್ಟ್‌ವೇರ್ ಸೇವೆಗೆ ಬರುವ ಗ್ರಾಹಕರ ದೂರುಗಳ ವಾರ್ಷಿಕ ವರದಿ ಮಾಡುವುದು ನನ್ನ ಕೆಲಸ. ದೂರುಗಳನ್ನು 40 ಬಗೆಗಳಾಗಿ ವಿಂಗಡಿಸಿರುತ್ತೇವೆ. ಪ್ರತಿ ಬಗೆಗೂ ಒಂದು ಸಾಲು. ಅದರಲ್ಲಿ ಹಿಂದಿನ ವರ್ಷದ ಸಂಖ್ಯೆ, ಈ ವರ್ಷದ ಸಂಖ್ಯೆ, ಎಷ್ಟು ಶೇಕಡಾ ಬದಲಾಯಿತು ಎನ್ನುವ ಮೂರು ಕಾಲಂ. ಈ ಮೂರನೇ ಕಾಲಂ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದು ನಾನು ಸೇರುವ ಮೊದಲಿನಿಂದಲೂ ನಡೆದುಬಂದ ಪದ್ಧತಿ.

ಆ ವರ್ಷ ಎಲ್ಲಕ್ಕಿಂತ ಮೇಲೆ ಬಂದು ಕೂತಿದ್ದು 'ಡೇಟಾ ಕಳೆದುಹೋಗಿದೆ' ಎಂಬ ಸಾಲು. ಅದರ ಮುಂದೆ ಕೆಂಪಕ್ಷರದಲ್ಲಿ ಶೇ 350. 'ಬಿಲ್ಲಿಂಗ್' ಎಲ್ಲೋ ನಡುವೆ ಶೇ 11ರ ಜೊತೆ ಸದ್ದಿಲ್ಲದೆ ಇತ್ತು. ಮ್ಯಾನೇಜರ್ ಕರಡು ನೋಡಿದ ಕೂಡಲೇ ಕೇಳಿದರು: "ಇದೇನ್ರೀ, ಮೂರೂವರೆ ಪಟ್ಟು ಜಾಸ್ತಿಯಾಗಿದೆ? ಇದಕ್ಕೊಂದು ತಂಡ ಹಾಕ್ಬೇಕಾ?" ನಾನು ಎರಡು ದಿನ ಸಮಯ ಕೇಳಿದೆ.

ಮೊದಲು ಮಾಡಿದ್ದು ಶೇಕಡಾ ಕಾಲಂ ಮುಚ್ಚಿಟ್ಟು ಬರೀ ಸಂಖ್ಯೆ ನೋಡಿದ್ದು. ಡೇಟಾ ಕಳೆದುಹೋದ ದೂರು ಹಿಂದಿನ ವರ್ಷ 2, ಈ ವರ್ಷ 9. ಏರಿದ್ದು 7. ಬಿಲ್ಲಿಂಗ್ ದೂರು 4,180ರಿಂದ 4,640ಕ್ಕೆ ಹೋಗಿದೆ. ಏರಿದ್ದು 460. ಎಲ್ಲ ಬಗೆಗಳೂ ಸೇರಿ ಒಟ್ಟು ದೂರು 9,620ರಿಂದ 10,340 ಆಗಿತ್ತು, ಅಂದರೆ ಶೇ 7.5 ಏರಿಕೆ. ಈ 7.5ರಲ್ಲಿ ಯಾರ ಪಾಲೆಷ್ಟು? 460ನ್ನು 9,620ರಿಂದ ಭಾಗಿಸಿದರೆ ಬಿಲ್ಲಿಂಗ್‌ನದು 4.8 ಪಾಯಿಂಟ್. 7ನ್ನು ಹಾಗೇ ಭಾಗಿಸಿದರೆ 0.07 ಪಾಯಿಂಟ್. ಒಟ್ಟು ಏರಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಾಲಿನದು, ಮತ್ತು ಅದು ಕೆಂಪಕ್ಷರದ ಸಾಲಲ್ಲ.

ಭಾಗಿಸುವ ಸಂಖ್ಯೆ 2 ಇದ್ದಾಗ ಒಂದೇ ಒಂದು ದೂರು ಹೆಚ್ಚು ಬಂದರೂ ಶೇ 50 ಏರುತ್ತದೆ. 2ರಿಂದ 3 ಆದರೆ ಶೇ 50, 4 ಆದರೆ ಶೇ 100. ಇವುಗಳ ನಡುವೆ ಬೇರೆ ಬೆಲೆಯೇ ಬರಲು ಸಾಧ್ಯವಿಲ್ಲ. ಶೇ 5 ಏರಿಕೆ ಎಂಬುದು ಆ ಸಾಲಿಗೆ ಇಲ್ಲವೇ ಇಲ್ಲ. ಬಿಲ್ಲಿಂಗ್ ಸಾಲಿನಲ್ಲಿ ಒಂದು ದೂರಿಗೆ ಬದಲಾಗುವುದು ಶೇ 0.024. ಈ ಎರಡನ್ನು ಒಂದೇ ಕಾಲಂನಲ್ಲಿ ಹಾಕಿ ಜೋಡಿಸಿದರೆ ಮೇಲೆ ಬರುವುದು ಯಾವಾಗಲೂ ಸಣ್ಣ ಸಾಲುಗಳೇ. ಕೆಳಗೂ ಅವೇ. ಪಟ್ಟಿಯ ಎರಡೂ ತುದಿ ಅವುಗಳ ಪಾಲು.

ಆದರೂ 2 ಎಲ್ಲಿ, 9 ಎಲ್ಲಿ? ಸುಮ್ನೆ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುತ್ತದಾ? ಇದನ್ನು ಲೆಕ್ಕ ಹಾಕಿ ನೋಡಬಹುದು. ಎರಡೂ ವರ್ಷ ಸೇರಿ 11 ದೂರು. ನಿಜವಾಗಿ ಏನೂ ಬದಲಾಗಿಲ್ಲ ಎಂದುಕೊಳ್ಳೋಣ. ಆಗ ಪ್ರತಿ ದೂರೂ ಈ ವರ್ಷಕ್ಕೆ ಬೀಳುವ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. 11 ಸಲ ಚಿಮ್ಮಿದರೆ 9 ಅಥವಾ ಅದಕ್ಕಿಂತ ಜಾಸ್ತಿ ತಲೆ ಬೀಳುವ ಸಾಧ್ಯತೆ 2,048ರಲ್ಲಿ 67, ಅಂದರೆ ಶೇ 3.3ರ ಸುತ್ತ. ಇದೊಂದೇ ಸಾಲು ಇದ್ದಿದ್ದರೆ ಅನುಮಾನ ಪಡಬಹುದಿತ್ತು. ಆದರೆ ನಮ್ಮ 40 ಸಾಲುಗಳಲ್ಲಿ ಇಂಥ ಸಣ್ಣವು 25ರಷ್ಟಿದ್ದವು. ಪ್ರತಿಯೊಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಾಧ್ಯತೆ ಇದ್ದರೆ, ಎಲ್ಲೂ ಏನೂ ಬದಲಾಗದ ವರ್ಷದಲ್ಲೂ ಒಂದು ಸಾಲು ಹೀಗೆ ಜಿಗಿಯುವುದು ಮಾಮೂಲಿ. ಜಿಗಿದ ಸಾಲನ್ನೇ ಪಟ್ಟಿಯ ತಲೆಗೆ ತಂದು ಕೂರಿಸುವುದು ನಮ್ಮ ಜೋಡಣೆ.

ಇದೇ ಲೆಕ್ಕವನ್ನು ಮುಂದುವರಿಸಿ ಶೇ 95 ವಿಶ್ವಾಸದ ಅಂತರ ತೆಗೆದರೆ ಏರಿಕೆ ಸುಮಾರು ಶೇ -7ರಿಂದ ಶೇ 4,000ಕ್ಕೂ ಮೇಲಿನವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಬರುತ್ತದೆ. ಅಂಥದ್ದರ ನಡುವೆ 350 ಎಂದು ಅಷ್ಟು ಖಚಿತವಾಗಿ ಬರೆದಿಡುವುದಕ್ಕೆ ಏನು ಅರ್ಥ?

ಎಲ್ಲ ಸಾಲುಗಳಿಗೂ ಇಷ್ಟೆಲ್ಲ ಮಾಡಲು ಆಗುವುದಿಲ್ಲ. ಅದಕ್ಕೆ, ವ್ಯತ್ಯಾಸ ಆಕಸ್ಮಿಕದ ಅಲುಗಾಟಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂದು ಹೇಳುವ ಒಂದು ಒರಟು ಅಳತೆ ಇಟ್ಟುಕೊಂಡಿದ್ದೇನೆ. ಎರಡು ವರ್ಷಗಳ ವ್ಯತ್ಯಾಸವನ್ನು, ಎರಡರ ಮೊತ್ತದ ವರ್ಗಮೂಲದಿಂದ ಭಾಗಿಸುವುದು. 7ನ್ನು 11ರ ವರ್ಗಮೂಲದಿಂದ ಭಾಗಿಸಿದರೆ 2.1. ಬಿಲ್ಲಿಂಗ್‌ಗೆ 460ನ್ನು 8,820ರ ವರ್ಗಮೂಲದಿಂದ ಭಾಗಿಸಿದರೆ 4.9. ಶೇ 11 ಎಂದು ಮೂಲೆಯಲ್ಲಿ ಕೂತಿದ್ದೇ ನಿಜವಾಗಿ ಗಮನಿಸಬೇಕಾದ ಸಾಲು. ಆದರೆ ಈ ಅಳತೆ ಪ್ರತಿ ದೂರೂ ಬೇರೆ ಬೇರೆ ಕಾರಣಕ್ಕೆ ಬಂದದ್ದು ಎಂದು ನಂಬಿಕೊಂಡಿರುತ್ತದೆ. ಒಂದು ದಿನ ಬಿಲ್ಲಿಂಗ್ ಪುಟ ಕೆಟ್ಟರೆ ಒಟ್ಟಿಗೆ ನೂರಾರು ದೂರು ಬರುತ್ತವೆ. ಆಗ 4.9 ಎಂಬುದು ತೋರುವಷ್ಟು ದೊಡ್ಡದಲ್ಲ. ಹಾಗಾಗಿ ಬಿಲ್ಲಿಂಗ್ ದೂರುಗಳನ್ನು ವಾರವಾರು ಹರಡಿ ನೋಡಿದೆ. ಏರಿಕೆ ಯಾವುದೋ ಒಂದು ವಾರದ್ದಲ್ಲ, ವರ್ಷದ ಕೊನೆಯ ಆರು ತಿಂಗಳೂ ಸ್ವಲ್ಪ ಸ್ವಲ್ಪ ಮೇಲಿತ್ತು.

ಇಷ್ಟಾದ ಮೇಲೂ ಡೇಟಾ ಕಳೆದುಹೋದ ಸಾಲನ್ನು ಕೈಬಿಡುವ ಹಾಗಿರಲಿಲ್ಲ. ಸಂಖ್ಯೆ ಸಣ್ಣದು ಅಂದಮಾತ್ರಕ್ಕೆ ವಿಷಯ ಸಣ್ಣದಲ್ಲ. ಡೇಟಾ ಕಳೆದುಕೊಂಡವರು 9 ಜನ ಇದ್ದರೂ ಅದು ಗಂಭೀರವೇ. ಸಣ್ಣ ಸಂಖ್ಯೆಯಲ್ಲಿ ಒಂದು ಅನುಕೂಲ ಇದೆ, ಎಲ್ಲವನ್ನೂ ಕೂತು ಓದಬಹುದು. ಓದಿದೆ. ಒಂಬತ್ತರಲ್ಲಿ ನಾಲ್ಕು ದೂರು ಒಬ್ಬನೇ ಗ್ರಾಹಕನವು, ಒಂದೇ ವಾರದಲ್ಲಿ, ಒಂದೇ ಫೈಲ್ ಬಗ್ಗೆ. ಉತ್ತರ ತಡವಾಗಿದ್ದಕ್ಕೆ ಪಾಪ ಮತ್ತೆ ಮತ್ತೆ ಬರೆದಿದ್ದರು. ಅಲ್ಲಿಗೆ ಬೇರೆ ಬೇರೆ ಘಟನೆಗಳು 6.

ಆಮೇಲೆ ಹಿಂದಿನ ವರ್ಷದ 2ನ್ನು ಹಿಡಿದುಕೊಂಡೆ. ನನ್ನ ಪ್ರಕಾರ ಇಂಥ ಕಡೆ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲೇ. ಎಲ್ಲರೂ 9 ಯಾಕೆ ಆಯಿತು ಎಂದು ಕೇಳುತ್ತಾರೆ. 2 ಯಾಕಿತ್ತು ಎಂದು ಕೇಳುವವರು ಕಡಿಮೆ. ದೂರು ನೀಡುವ ಫಾರ್ಮ್‌ನ ಹಳೆಯ ರೂಪಗಳನ್ನು ತೆರೆದು ನೋಡಿದಾಗ ಗೊತ್ತಾಯಿತು, 'ಡೇಟಾ ಕಳೆದುಹೋಗಿದೆ' ಎಂಬ ಆಯ್ಕೆಯನ್ನು ಫಾರ್ಮ್‌ಗೆ ಸೇರಿಸಿದ್ದೇ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ. ಅಂದರೆ ಆ 2 ನಾಲ್ಕು ತಿಂಗಳ ಲೆಕ್ಕ. ಈ ವರ್ಷದ 9 ಹನ್ನೆರಡು ತಿಂಗಳ ಲೆಕ್ಕ. ಅದಕ್ಕೂ ಮೊದಲಿನ ಎಂಟು ತಿಂಗಳು ಇಂಥ ದೂರುಗಳು 'ಇತರೆ'ಗೆ ಬೀಳುತ್ತಿದ್ದವು.

2ನ್ನು ಮೂರರಿಂದ ಗುಣಿಸಿ 6 ಮಾಡಿಕೊಳ್ಳೋಣ ಎಂದು ಒಬ್ಬ ಸಹೋದ್ಯೋಗಿ ಹೇಳಿದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಎರಡೇ ದೂರು ಇರುವಾಗ ಗುಣಿಸಿದರೆ ಅದರ ಅನಿಶ್ಚಿತತೆಯೂ ಮೂರು ಪಟ್ಟಾಗುತ್ತದೆ. ಬದಲಿಗೆ ಆ ಎಂಟು ತಿಂಗಳ 'ಇತರೆ' ದೂರುಗಳಲ್ಲಿ 'ಕಾಣೆ', 'ಅಳಿಸಿ', 'ಮಾಯ', 'ಸಿಗುತ್ತಿಲ್ಲ' ಎಂಬ ಪದಗಳನ್ನು ಹುಡುಕಿ, ಸಿಕ್ಕಿದ್ದನ್ನು ಒಂದೊಂದಾಗಿ ಓದಿದೆ. ನಿಜಕ್ಕೂ ಡೇಟಾ ಕಳೆದದ್ದು 5. ಈ 5 ಮತ್ತು ಮೊದಲಿನ 2ರಲ್ಲೂ ಒಬ್ಬರೇ ಎರಡು ಸಲ ಬರೆದದ್ದು ಇದೆಯೇ ಎಂದು ನೋಡಿದೆ, ಇರಲಿಲ್ಲ. ಒಂದು ಬದಿಗೆ ಮಾತ್ರ ಜರಡಿ ಹಿಡಿದರೆ ಹೋಲಿಕೆ ಮತ್ತೆ ಕೆಡುತ್ತದೆ ಅಲ್ವಾ?

ಒಟ್ಟು ಹಿಂದಿನ ವರ್ಷ 7, ಈ ವರ್ಷ 6. ಶೇ 350 ಏರಿಕೆ ಇದ್ದದ್ದು ಹೀಗೆ ಕರಗಿತು. ಶೇ 14 ಇಳಿಕೆ ಎಂದು ಬರೆಯಬಹುದಿತ್ತು, ಆದರೆ ಅದೂ ಮೊದಲಿನಷ್ಟೇ ಟೊಳ್ಳು. ವರದಿಯಲ್ಲಿ '7 → 6, ಎರಡೂ ವರ್ಷದ ದೂರುಗಳನ್ನು ಓದಿ ಎಣಿಸಿದ್ದು' ಎಂದು ಹಾಕಿದೆ. ಆ 6 ಘಟನೆಗಳನ್ನು ಪಕ್ಕದಲ್ಲೇ ಆರು ಸಾಲಿನಲ್ಲಿ ವಿವರಿಸಿದೆ. ಮ್ಯಾನೇಜರ್ ಓದಿದ್ದು ಆ ಆರು ಸಾಲುಗಳನ್ನೇ.

ಆ ವರ್ಷದಿಂದ ಪಟ್ಟಿಯ ಸೂತ್ರ ಬದಲಿಸಿದೆವು. B ಹಿಂದಿನ ವರ್ಷ, C ಈ ವರ್ಷ, 42ನೇ ಸಾಲು ಒಟ್ಟು:

```
D2: =IF(B2<20, B2&" → "&C2, C2/B2-1)
E2: =(C2-B2)/B$42
```

ಹಿಂದಿನ ವರ್ಷದ ಸಂಖ್ಯೆ 20ಕ್ಕಿಂತ ಕಡಿಮೆ ಇದ್ದರೆ ಶೇಕಡಾ ಬರುವುದೇ ಇಲ್ಲ, ಎರಡು ಸಂಖ್ಯೆಗಳೇ ಬರುತ್ತವೆ. ಸೊನ್ನೆಯಿಂದ ಭಾಗಿಸುವ ತಾಪತ್ರಯವೂ ಇದರಲ್ಲೇ ಹೋಯಿತು, '0 → 3' ಎಂದು ಕಾಣುತ್ತದೆ. ಹಿಂದಿನ ವರ್ಷದ ಕೋಶ ಖಾಲಿ ಇದ್ದರೆ ಬಾಣದ ಎಡಗಡೆ ಖಾಲಿಯಾಗಿಯೇ ಉಳಿಯುತ್ತದೆ. ದೂರು ಬರಲಿಲ್ಲ ಎನ್ನುವುದಕ್ಕೂ ಎಣಿಸಿರಲೇ ಇಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಹಾಗೆ ಉಳಿಯಿತು. ಜೋಡಿಸುವುದು ಈಗ E ಕಾಲಂ ಹಿಡಿದು, ಅಂದರೆ ಒಟ್ಟು ಬದಲಾವಣೆಯಲ್ಲಿ ಆ ಸಾಲಿನ ಪಾಲೆಷ್ಟು ಎಂಬುದನ್ನು ಹಿಡಿದು. D ಹಿಡಿದು ಜೋಡಿಸಿದರೆ ಎಕ್ಸೆಲ್‌ನಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಬರುವಾಗ ಅಕ್ಷರವಿರುವ ಕೋಶಗಳು ಸಂಖ್ಯೆಗಳಿಗಿಂತ ಮೇಲೆ ಹೋಗುತ್ತವೆ, ಸಣ್ಣ ಸಾಲುಗಳೇ ಮತ್ತೆ ತಲೆ ಮೇಲೆ!

20 ಎಂಬುದನ್ನು ನಾನು ಕಟ್ಟಿಕೊಂಡದ್ದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರದ ಪ್ರಕಟಣೆಗಳಲ್ಲಿ 20ಕ್ಕಿಂತ ಕಡಿಮೆ ಸಾವುಗಳ ಮೇಲೆ ಲೆಕ್ಕ ಹಾಕಿದ ಮರಣ ದರಕ್ಕೆ 'ನಂಬಲರ್ಹವಲ್ಲ' ಎಂಬ ಗುರುತು ಹಾಕುವ ರೂಢಿ ಬಹಳ ಕಾಲ ಇತ್ತು. 20ರ ಎಣಿಕೆ ಆಕಸ್ಮಿಕವಾಗಿಯೇ ಸುಮಾರು ನಾಲ್ಕೂವರೆ, ಅಂದರೆ ಶೇ 22ರಷ್ಟು ಆಚೀಚೆ ಹೋಗುತ್ತದೆ. ಅದಕ್ಕಿಂತ ಕೆಳಗೆ ಈ ಅಲುಗಾಟ ಬೇಗ ಜಾಸ್ತಿಯಾಗುತ್ತದೆ.

ಈ ಗೆರೆ ಹಿಡಿಯದ ಒಂದು ಬಗೆ ಇದೆ. ಹಿಂದಿನ ವರ್ಷದ ಸಂಖ್ಯೆ 20ಕ್ಕಿಂತ ಎಷ್ಟೋ ಮೇಲಿರುತ್ತದೆ, ಆದರೆ ಆ ಸಾಲಿನ ಮಟ್ಟಿಗೆ ಅದು ತೀರಾ ಕಮ್ಮಿ. ನಮ್ಮ 'ಲಾಗಿನ್ ಆಗುತ್ತಿಲ್ಲ' ಸಾಲು ಒಮ್ಮೆ 610, 190, 585 ಎಂದು ಹೋಯಿತು. ನಡುವಿನ ವರ್ಷ ಬಹುಪಾಲು ದೂರುಗಳು ಫೋನ್‌ನಲ್ಲೇ ಮುಗಿದಿದ್ದವು, ಪಟ್ಟಿಗೆ ಬಂದಿರಲಿಲ್ಲ. ಮೂರನೇ ವರ್ಷದ ವರದಿಯಲ್ಲಿ ಶೇ 208 ಏರಿಕೆ. ಎರಡು ವರ್ಷ ಹಿಂದಿನದಕ್ಕೆ ಹೋಲಿಸಿದರೆ ಶೇ 4 ಇಳಿಕೆ. ಅದಕ್ಕೇ ಈಗ ಎರಡು ವರ್ಷ ಹಿಂದಿನ ಸಂಖ್ಯೆಯನ್ನೂ ಪಕ್ಕದಲ್ಲಿ ಇಡುತ್ತೇವೆ.

ಎಣಿಕೆ ಅಲ್ಲದೆ ಲಾಭ, ಬೆಲೆ ಇಂಥವುಗಳಲ್ಲಿ ಹಿಂದಿನ ವರ್ಷದ್ದು ಸೊನ್ನೆಯ ಕೆಳಗೂ ಹೋಗಬಹುದು. ಆಗ ಶೇಕಡಾ ಪೂರ್ತಿ ತಲೆಕೆಳಗು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್ ಬೆಲೆ ಬ್ಯಾರೆಲ್‌ಗೆ -37.63 ಡಾಲರ್‌ಗೆ ಮುಗಿಯಿತು. ಮರುವರ್ಷ ಅದೇ ಹೊತ್ತಿಗೆ 60 ಡಾಲರ್‌ಗಿಂತ ಮೇಲಿತ್ತು. ಸೂತ್ರಕ್ಕೆ ಹಾಕಿ ನೋಡಿ, ಬೆಲೆ ಶೇ 260ರಷ್ಟು ಇಳಿಯಿತು ಎನ್ನುತ್ತದೆ. ಇಂಥಲ್ಲಿ ನಾನು ಡಾಲರ್‌ನಲ್ಲಿ ಎಷ್ಟು ಬದಲಾಯಿತು ಎಂದಷ್ಟೇ ಬರೆಯುತ್ತೇನೆ.

ಗೆರೆಯ ಹತ್ತಿರ ಓಡಾಡುವ ಸಾಲುಗಳು ಮಾತ್ರ ಈಗಲೂ ಸ್ವಲ್ಪ ಕಾಟ ಕೊಡುತ್ತವೆ. ಒಂದು ವರ್ಷ 19, ಮರುವರ್ಷ 24, ಆಮೇಲೆ 18. ಒಂದು ವರದಿಯಲ್ಲಿ ಬಾಣ, ಮುಂದಿನದರಲ್ಲಿ ಶೇಕಡಾ, ಅದರ ಮುಂದಿನದರಲ್ಲಿ ಮತ್ತೆ ಬಾಣ. ಓದುವವರು ಯಾಕೆ ಹೀಗೆ ಎಂದು ಕೇಳುತ್ತಾರೆ. ಅಂಥ ಸಾಲು ಒಮ್ಮೆ ಬಾಣಕ್ಕೆ ಬಂದರೆ ಸತತ ಮೂರು ವರ್ಷ 20 ದಾಟುವವರೆಗೂ ಬಾಣದಲ್ಲೇ ಇರಲಿ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇವೆ.