ಮನೆಯ ಮನಿ ಪ್ಲಾಂಟ್ ಮಾರಾಟಕ್ಕಿಡುವಾಗ ವಿವರ ಬರೆಯುವುದು ಹೇಗೆ?

ನರ್ಸರಿಗೆ ಹೋದವರು ಕುಂಡವನ್ನು ಎತ್ತಿ ನೋಡುತ್ತಾರೆ, ಎಲೆಯ ಹಿಂಬದಿಯನ್ನು ತಿರುಗಿಸುತ್ತಾರೆ, ಕಾಂಡವನ್ನು ಮೆಲ್ಲನೆ ಅಲುಗಿಸಿ ಬೇರು ಹಿಡಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಮೊಬೈಲ್‌ನಲ್ಲಿ ಗಿಡ ಕೊಳ್ಳುವವರಿಗೆ ಈ ಅವಕಾಶವಿಲ್ಲ. ಹೀಗಾಗಿ ಮಾರುವವರು ಬರೆಯುವ ವಿವರವನ್ನು ಕೊಳ್ಳುವವರು ತಮ್ಮದೇ ಅಳತೆಪಟ್ಟಿ ಮತ್ತು ತಮ್ಮದೇ ಕಿಟಕಿಯ ಜೊತೆಗಿಟ್ಟು ನೋಡುವಂತಿರಬೇಕು. ಬೆಂಗಳೂರಿನ ಬಾಲ್ಕನಿಯೊಂದರಲ್ಲಿ ಬೆಳೆದ, ಬಿಳಿ-ಹಸಿರು ಎಲೆಯ ‘ಮಾರ್ಬಲ್ ಕ್ವೀನ್’ ಮನಿ ಪ್ಲಾಂಟನ್ನು ಹುಬ್ಬಳ್ಳಿಗೆ ಕಳುಹಿಸಬೇಕಾಗಿದೆ ಎಂದು ಇಟ್ಟುಕೊಂಡು, ವಿವರವನ್ನು ಹಂತ ಹಂತವಾಗಿ ಸಿದ್ಧಪಡಿಸೋಣ.

ಮೊದಲು ಅಳತೆ. ‘ದೊಡ್ಡ ಗಿಡ’, ‘ಸೊಂಪಾದ ಗಿಡ’ ಎಂಬ ಮಾತುಗಳಿಂದ ಕೊಳ್ಳುವವರಿಗೆ ಏನೂ ತಿಳಿಯದು. ಎತ್ತರವನ್ನು ಎಲ್ಲಿಂದ ಅಳೆಯಲಾಗಿದೆ ಎಂಬುದನ್ನು ಹೇಳದಿದ್ದರೆ ತಕರಾರು ಅಲ್ಲಿಂದಲೇ ಶುರುವಾಗುತ್ತದೆ, ಏಕೆಂದರೆ ನೆಲದಿಂದ ಅಳೆದರೆ ಕುಂಡದ ಎತ್ತರವೂ ಗಿಡದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಮಣ್ಣಿನ ಮೇಲ್ಮೈಯಿಂದ ತುದಿಯವರೆಗೆ ಅಳೆದು, ಹಾಗೆ ಅಳೆದಿದ್ದೇವೆ ಎಂದೇ ಬರೆಯಬೇಕು. ನಮ್ಮ ಗಿಡ ಮಣ್ಣಿನಿಂದ 20 ಸೆಂ.ಮೀ. ಎತ್ತರವಿದೆ, ಇಳಿಬಿದ್ದ ಬಳ್ಳಿಗಳಲ್ಲಿ ಅತ್ಯಂತ ಉದ್ದನೆಯದನ್ನು ನೇರ ಮಾಡಿ ಹಿಡಿದರೆ 45 ಸೆಂ.ಮೀ. ಬರುತ್ತದೆ. ಬಳ್ಳಿ ಜಾತಿಯ ಗಿಡಕ್ಕೆ ಈ ಎರಡೂ ಅಳತೆಗಳು ಬೇಕು. ಇವುಗಳಿಗಿಂತಲೂ ಮುಖ್ಯವಾದದ್ದು ಕುಂಡದಲ್ಲಿ ಬೇರು ಬಿಟ್ಟ ಬಳ್ಳಿಗಳೆಷ್ಟು ಎಂಬ ಸಂಖ್ಯೆ. ಒಂದೇ ಬಳ್ಳಿ ಉದ್ದ ಬೆಳೆದ ಕುಂಡಕ್ಕೂ ನಾಲ್ಕು ಬಳ್ಳಿಗಳು ಒತ್ತಾಗಿ ಬೆಳೆದ ಕುಂಡಕ್ಕೂ ಬೆಲೆಯಲ್ಲಿ ತುಂಬಾ ವ್ಯತ್ಯಾಸವಿರುವುದು ನ್ಯಾಯ, ಆದರೆ ಒಂದು ಬದಿಯಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ಥರ ಕಾಣಬಹುದು. ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ ಒಂದು, ಮೇಲಿನಿಂದ ಒಂದು, ಎಲೆಯ ಹಿಂಬದಿಯದು ಒಂದು, ಹೀಗೆ ಮೂರು ಫೋಟೊಗಳು ಸಾಕು.

ಕುಂಡದ ವಿಷಯದಲ್ಲಿ ನರ್ಸರಿಯವರ ರೂಢಿಯನ್ನೇ ಅನುಸರಿಸುವುದು ಒಳ್ಳೆಯದು. ‘ಐದಿಂಚಿನ ಕುಂಡ’ ಎಂದರೆ ಬಾಯಿಯ ವ್ಯಾಸ ಐದಿಂಚು, ಅಂದರೆ ಸುಮಾರು 12.5 ಸೆಂ.ಮೀ. ತಳದಲ್ಲಿ ನೀರು ಬಸಿಯುವ ತೂತುಗಳಿವೆಯೇ, ತುಂಬಿರುವುದು ಕೆಂಪು ಮಣ್ಣೋ ತೆಂಗಿನ ನಾರಿನ ಪುಡಿಯೋ ಎಂಬುದನ್ನೂ ತಿಳಿಸಬೇಕು. ನಾರಿನ ಪುಡಿ ಹೆಚ್ಚು ಹೊತ್ತು ತೇವ ಹಿಡಿದಿಡುವುದರಿಂದ, ಮಣ್ಣು ತುಂಬಿದ ಕುಂಡಕ್ಕೆ ಹಾಕುವಷ್ಟೇ ನೀರನ್ನು ಅದಕ್ಕೂ ಹಾಕಿದರೆ ಬೇರು ಕೊಳೆಯುತ್ತದೆ. ಫೋಟೊದಲ್ಲಿ ಪಿಂಗಾಣಿ ಕುಂಡ ತೋರಿಸಿ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಕಳುಹಿಸುವ ಚಾಳಿಯೊಂದಿದೆ. ಪಿಂಗಾಣಿ ಕುಂಡ ಬೆಲೆಯಲ್ಲಿ ಸೇರಿಲ್ಲವಾದರೆ ಅದು ಫೋಟೊದಲ್ಲೂ ಇರಬಾರದು.

ಬೆಳಕಿನ ಬಗ್ಗೆ ಬರೆಯುವುದೇ ಕಷ್ಟ, ಮತ್ತು ಹೆಚ್ಚಿನವರು ಎಡವುವುದೂ ಇಲ್ಲಿಯೇ. ‘ಪರೋಕ್ಷ ಬೆಳಕು ಸಾಕು’ ಎಂಬ ಸಾಲನ್ನು ಒಬ್ಬರು ಕಿಟಕಿಯ ಪಕ್ಕ ಎಂದು ಓದಿದರೆ ಇನ್ನೊಬ್ಬರು ಟ್ಯೂಬ್‌ಲೈಟ್ ಇರುವ ನಡುಮನೆ ಎಂದು ಓದುತ್ತಾರೆ. ಹಾಗಾಗಿ ಗಿಡ ಈಗ ಎಲ್ಲಿ ಬೆಳೆಯುತ್ತಿದೆ ಎಂಬುದನ್ನು ದಿಕ್ಕು ಮತ್ತು ಹೊತ್ತಿನ ಸಮೇತ ಬರೆಯಬೇಕು: ‘ಪೂರ್ವ ದಿಕ್ಕಿನ ಬಾಲ್ಕನಿಯಲ್ಲಿದೆ, ಬೆಳಗ್ಗೆ ಒಂಬತ್ತರವರೆಗೆ ಎಳೆಬಿಸಿಲು ತಾಗುತ್ತದೆ, ಆಮೇಲೆ ನೆರಳು.’ ಕೊಳ್ಳುವವರು ತಮ್ಮ ಮನೆಯ ಜಾಗವನ್ನು ತಾವೇ ಪರೀಕ್ಷಿಸಿಕೊಳ್ಳುವ ಉಪಾಯವನ್ನೂ ಒಂದು ಸಾಲಿನಲ್ಲಿ ಸೇರಿಸಬಹುದು. ಮಧ್ಯಾಹ್ನದ ಹೊತ್ತಿಗೆ ಗಿಡ ಇಡುವ ಜಾಗದಲ್ಲಿ ಬಿಳಿ ಕಾಗದವಿಟ್ಟು ಅದರ ಮೇಲೆ ಕೈ ಹಿಡಿದಾಗ, ನೆರಳಿನ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಬೆಳಕು ಪ್ರಖರ, ಮಸುಕಾಗಿದ್ದರೆ ಮಧ್ಯಮ, ನೆರಳೇ ಕಾಣದಿದ್ದರೆ ಮಂದ.

ಮಾರ್ಬಲ್ ಕ್ವೀನ್ ವಿಷಯದಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲವೆನ್ನುವಷ್ಟು ಕಡಿಮೆ. ಆಹಾರ ತಯಾರಾಗುವುದು ಹಸಿರು ಭಾಗದಲ್ಲಿ. ಮಂದ ಬೆಳಕಿನಲ್ಲಿಟ್ಟ ಗಿಡ ಸಾಯುವುದಿಲ್ಲ, ಆದರೆ ಹೊಸ ಎಲೆಗಳು ಹೆಚ್ಚು ಹಸಿರಾಗಿ ಬರುತ್ತವೆ ಮತ್ತು ಗಿಣ್ಣುಗಳ ನಡುವಿನ ಅಂತರ ಉದ್ದವಾಗಿ ಬಳ್ಳಿ ಬೋಳು ಬೋಳಾಗುತ್ತದೆ. ಮಧ್ಯಾಹ್ನದ ನೇರ ಬಿಸಿಲಿಗಿಟ್ಟರೆ ಬಿಳಿ ಭಾಗವೇ ಮೊದಲು ಕಂದಾಗಿ ಸುಡುತ್ತದೆ. ಈ ಎರಡನ್ನೂ ಮೊದಲೇ ಬರೆದಿಟ್ಟರೆ, ಕೆಲವು ತಿಂಗಳ ನಂತರ ‘ಬೇರೆ ಗಿಡ ಕಳುಹಿಸಿದ್ದೀರಿ’ ಎಂಬ ಆಪಾದನೆ ಬರುವುದಿಲ್ಲ. ಮನಿ ಪ್ಲಾಂಟಿನ ಎಲೆಯನ್ನು ಮಕ್ಕಳು, ನಾಯಿ ಅಥವಾ ಬೆಕ್ಕು ಅಗಿದರೆ ಬಾಯಿ ಉರಿದು ಊದಿಕೊಳ್ಳಬಹುದು ಎಂಬ ಎಚ್ಚರಿಕೆಗೂ ಇಲ್ಲೇ ಜಾಗ ಕೊಡಬೇಕು.

ಪ್ಯಾಕಿಂಗ್ ಹಿಂದಿನ ದಿನವೇ ಆರಂಭವಾಗುತ್ತದೆ. ಆ ದಿನ ನೀರು ಹಾಕಿ, ಹೆಚ್ಚಿನದು ಪೂರ್ತಿ ಬಸಿಯಲು ಬಿಡಬೇಕು. ಕಳುಹಿಸುವ ದಿನವೇ ನೀರು ಹಾಕಿದರೆ ರಟ್ಟು ನೆನೆದು ಮೆತ್ತಗಾಗುತ್ತದೆ, ಮುಚ್ಚಿದ ಪೆಟ್ಟಿಗೆಯ ಕಾವಿನಲ್ಲಿ ಕಾಂಡದ ಬುಡ ಕಪ್ಪಾಗುತ್ತದೆ. ಕುಂಡದ ಬಾಯಿಗೆ ಮಡಿಸಿದ ಪತ್ರಿಕೆ ಹೊದಿಸಿ, ಕಾಂಡವನ್ನು ಬಿಟ್ಟು ಅಡ್ಡಡ್ಡ ಟೇಪ್ ಹಾಕಿದರೆ, ಪೆಟ್ಟಿಗೆ ಬುಡಮೇಲಾದರೂ ನಾರಿನ ಪುಡಿ ಚೆಲ್ಲುವುದಿಲ್ಲ. ಪ್ಲಾಸ್ಟಿಕ್ ಕವರ್ ಕುಂಡಕ್ಕೆ ಮಾತ್ರ ಇರಲಿ. ಎಲೆಗಳನ್ನೂ ಅದರೊಳಗೆ ತುರುಕಿದರೆ ಬೆವರಿ ಕೊಳೆಯುತ್ತವೆ. ಬಳ್ಳಿಗಳನ್ನು ಕುಂಡದ ಮೇಲೆ ಸಡಿಲವಾಗಿ ಸುತ್ತಿ, ಎಲೆಗಳ ಸುತ್ತ ಕಾಗದವನ್ನು ಪೊಟ್ಟಣದಂತೆ ಕಟ್ಟಬೇಕು. ಪೆಟ್ಟಿಗೆಯ ಮೇಲಿನ ಭಾಗದಲ್ಲಿ ಪೆನ್ಸಿಲ್ ಹೋಗುವಷ್ಟು ದಪ್ಪದ ನಾಲ್ಕಾರು ತೂತುಗಳಿರಲಿ, ಕುಂಡದ ಸುತ್ತ ಮುದ್ದೆ ಮಾಡಿದ ಪತ್ರಿಕೆ ಬಿಗಿಯಾಗಿ ತುಂಬಲಿ. ‘ಈ ಬದಿ ಮೇಲೆ’ ಎಂಬ ಬಾಣದ ಗುರುತು ಹಾಕಿ, ಆದರೆ ಅದನ್ನು ಯಾರೂ ನೋಡುವುದಿಲ್ಲ ಎಂದುಕೊಂಡೇ ಪ್ಯಾಕ್ ಮಾಡಿ. ಪೆಟ್ಟಿಗೆಯನ್ನು ಒಮ್ಮೆ ತಲೆಕೆಳಗು ಮಾಡಿದಾಗ ಒಳಗೆ ಏನೂ ಸರಿದ ಸದ್ದು ಬರಬಾರದು.

ಸಾಗಣೆ ವೆಚ್ಚ ಬರೆಯುವಾಗ ತಕ್ಕಡಿಯೊಂದನ್ನೇ ನಂಬಬಾರದು. ಹಲವು ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ಗಳಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. 20×20×35 ಸೆಂ.ಮೀ. ಪೆಟ್ಟಿಗೆಗೆ ಈ ಲೆಕ್ಕ 2.8 ಕಿಲೋ ಆಗುತ್ತದೆ. ನಾರಿನ ಪುಡಿಯ ಕುಂಡ ತೂಗುವುದು ಅದಕ್ಕಿಂತ ಬಹಳ ಕಡಿಮೆ. ಭಾನುವಾರ ಗೋದಾಮಿನಲ್ಲಿ ಗಿಡ ಉಳಿಯದಿರಲು ಸೋಮವಾರ ಅಥವಾ ಮಂಗಳವಾರ ಮಾತ್ರ ಕಳುಹಿಸುತ್ತೇವೆ ಎಂಬುದನ್ನೂ ತಿಳಿಸಬೇಕು.

ಇಷ್ಟನ್ನೂ ಜೋಡಿಸಿದರೆ ವಿವರ ಹೀಗಿರುತ್ತದೆ:

‘ಮಾರ್ಬಲ್ ಕ್ವೀನ್ ಮನಿ ಪ್ಲಾಂಟ್. ಬೇರು ಬಿಟ್ಟ ನಾಲ್ಕು ಬಳ್ಳಿಗಳು. ಮಣ್ಣಿನ ಮೇಲ್ಮೈಯಿಂದ ಎತ್ತರ 20 ಸೆಂ.ಮೀ., ಉದ್ದನೆಯ ಬಳ್ಳಿ 45 ಸೆಂ.ಮೀ. ತಳದಲ್ಲಿ ತೂತುಗಳಿರುವ ಐದಿಂಚಿನ ಕಪ್ಪು ಪ್ಲಾಸ್ಟಿಕ್ ಕುಂಡ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ. ಪೂರ್ವದ ಬಾಲ್ಕನಿಯಲ್ಲಿ ಬೆಳೆದಿದೆ, ಒಂಬತ್ತರವರೆಗೆ ಎಳೆಬಿಸಿಲು. ಮಂದ ಬೆಳಕಿನಲ್ಲಿ ಹೊಸ ಎಲೆಯ ಬಿಳಿ ಕಡಿಮೆಯಾಗುತ್ತದೆ. ಎಲೆ ತಿನ್ನಲು ಯೋಗ್ಯವಲ್ಲ; ಮಕ್ಕಳು, ಸಾಕುಪ್ರಾಣಿಗಳಿಂದ ದೂರವಿಡಿ. ಕುಂಡದ ಸಮೇತ ರಟ್ಟಿನ ಪೆಟ್ಟಿಗೆಯಲ್ಲಿ, ಸೋಮವಾರ ಅಥವಾ ಮಂಗಳವಾರ ರವಾನೆ. ಬಂದ ದಿನವೇ ಬಿಚ್ಚಿ, ನಾಲ್ಕು ದಿನ ಬಿಸಿಲು ತಾಗದ ಬೆಳಕಿನಲ್ಲಿಡಿ. ಮೇಲ್ಭಾಗ ಒಣಗಿದ್ದರೆ ಮಾತ್ರ ನೀರು ಹಾಕಿ. ಒಂದೆರಡು ಕೆಳಎಲೆಗಳು ಹಳದಿಯಾಗುವುದು ಸಹಜ. ಕಾಂಡ ಮುರಿದಿದ್ದರೆ ಅಥವಾ ಬುಡ ಕಪ್ಪಾಗಿದ್ದರೆ 24 ಗಂಟೆಯೊಳಗೆ ಫೋಟೊ ಕಳುಹಿಸಿ, ಹಣ ಹಿಂದಿರುಗಿಸುತ್ತೇವೆ.’

ಹೂವು, ಹಣ್ಣಿನ ಕಸಿ ಸಸಿಯಾದರೆ ತಳಿಯ ಹೆಸರು, ಕಸಿ ಗಂಟು ಮಣ್ಣಿನಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ಮತ್ತು ಗಂಟಿನ ಹತ್ತಿರದ ಫೋಟೊ ಹೆಚ್ಚುವರಿಯಾಗಿ ಬೇಕು. ಪ್ಯಾಕ್ ಮಾಡುವಾಗ ಆ ಗಂಟಿಗೆ ಕಡ್ಡಿಯ ಆಸರೆ ಕಟ್ಟಬೇಕು. ಇನ್ನು ಗಿಡ ಮಾರಾಟವಾಗದೆ ಉಳಿದರೆ ಅದು ಬೆಳೆಯುತ್ತಲೇ ಇರುತ್ತದೆ. ಮಳೆಗಾಲದಲ್ಲಂತೂ ಬಳ್ಳಿ ಬೇಗ ಉದ್ದವಾಗುವುದರಿಂದ, ತಿಂಗಳಿಗೊಮ್ಮೆ ಮತ್ತೆ ಅಳೆದು, ಹೊಸ ಫೋಟೊ ಹಾಕಿ, ಅದನ್ನು ತೆಗೆದ ದಿನಾಂಕವನ್ನೂ ಬರೆಯಬೇಕು.