ಬಿಲ್ಲಿನ ಮೊತ್ತ ಕಾರ್ಡ್ ಮಷೀನಿಗೆ ತಾನಾಗಿ ಹೋಗುವಂತೆ ಮಾಡಿದ ನನ್ನ ಅನುಭವ

ದಾವಣಗೆರೆಯ ಒಂದು ಬಟ್ಟೆ ಅಂಗಡಿಗೆ ನಾನೇ ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಅಲ್ಲಿ ಎರಡು ಕೌಂಟರ್, ಎರಡು ಕಾರ್ಡ್ ಮಷೀನ್. ಕ್ಯಾಷಿಯರ್ ಬಿಲ್ಲನ್ನು ನೋಡಿ ಮೊತ್ತವನ್ನು ಮಷೀನಿನಲ್ಲಿ ಕೈಯಾರೆ ಒತ್ತುತ್ತಿದ್ದುದರಿಂದ, 2,374 ಎಂಬುದು 2,347 ಆಗಿ, ರಾತ್ರಿ ಲೆಕ್ಕ ಕೂಡಿಸುವಾಗ ಇಪ್ಪತ್ತೇಳು ರೂಪಾಯಿಗಾಗಿ ಅರ್ಧ ಗಂಟೆ ಹುಡುಕಬೇಕಾಗುತ್ತಿತ್ತು. ಬಿಲ್ಲಿನಿಂದಲೇ ಮೊತ್ತ ಮಷೀನಿಗೆ ಹೋಗಬೇಕು ಎಂದು ಮಾಲೀಕರು ಕೇಳಿದ್ದು ಈ ಕಾರಣಕ್ಕೆ.

ಕೇಬಲ್ ಎಳೆದು ಕಂಪ್ಯೂಟರಿಗೂ ಮಷೀನಿಗೂ ನೇರ ಸಂಪರ್ಕ ಕೊಡುವ ವಿಧಾನವೂ ಇದೆ. ಆದರೆ ಮಷೀನನ್ನು ಗ್ರಾಹಕರ ಕೈಗೆ ಕೊಡಬೇಕಾಗುತ್ತಿದ್ದುದರಿಂದ ನಾನು ಇಂಟರ್ನೆಟ್ ಮೂಲಕ ಹೋಗುವ ವಿಧಾನವನ್ನು ಆರಿಸಿಕೊಂಡೆ. ಇದರಲ್ಲಿ ನಮ್ಮ ಸಾಫ್ಟ್‌ವೇರ್ ಮೊತ್ತ, ಬಿಲ್ಲಿನ ಗುರುತು ಮತ್ತು ಯಾವ ಮಷೀನ್ ಎಂಬುದನ್ನು ಮಷೀನ್ ಕೊಟ್ಟ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಮಷೀನ್ ತನ್ನ ಸಿಮ್ಮಿನ ಮೂಲಕ ಅದೇ ಸರ್ವರಿನಿಂದ ಮೊತ್ತವನ್ನು ಪಡೆದು ಪರದೆಯ ಮೇಲೆ ತೋರಿಸುತ್ತದೆ. ಗ್ರಾಹಕರು ಕಾರ್ಡ್ ಹಾಕಿ ಪಿನ್ ಒತ್ತಿದ ಮೇಲೆ ಬ್ಯಾಂಕಿನ ಉತ್ತರ ಮಷೀನಿಗೆ ಬರುತ್ತದೆ, ಅಲ್ಲಿಂದ ಸರ್ವರಿಗೆ ಹೋಗುತ್ತದೆ, ಅದನ್ನು ನಾವು ಕೇಳಿ ತಿಳಿದುಕೊಳ್ಳುತ್ತೇವೆ. ಕಾರ್ಡಿನ ಪೂರ್ಣ ಸಂಖ್ಯೆ ನಮಗೆ ಬರುವುದೇ ಇಲ್ಲ. ಕೊನೆಯ ನಾಲ್ಕು ಅಂಕಿಗಳು ಮತ್ತು ಆರ್‌ಆರ್‌ಎನ್ ಎಂಬ ಹನ್ನೆರಡು ಅಂಕಿಗಳ ವಹಿವಾಟಿನ ಗುರುತು ಸಂಖ್ಯೆ ಬಂದರೆ ಬಿಲ್ಲಿನ ಕೆಲಸಕ್ಕೆ ಸಾಕು.

ಮೊತ್ತವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಕಳಿಸಬೇಕಿತ್ತು. 2,347.50 ರೂಪಾಯಿ ಎಂದರೆ 234750. ಪರೀಕ್ಷೆಗೆಂದು 19.99 ರೂಪಾಯಿಯ ಬಿಲ್ ಮಾಡಿದಾಗ ಮಷೀನ್ 19.98 ತೋರಿಸಿತು. ಪೈಸೆ ಮಾಡಲು ನೂರರಿಂದ ಗುಣಿಸಿದಾಗ ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಫಲ ಸರಿಯಾಗಿ 1999 ಆಗದೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ನಾನು ದಶಮಾಂಶವನ್ನು ಕತ್ತರಿಸಿಬಿಟ್ಟಿದ್ದೆ.

```
Math.trunc(19.99 * 100)   // 1998
Math.round(19.99 * 100)   // 1999
```

ಇದು ಒಂದೇ ಸಾಲಿನಲ್ಲಿ ಸರಿಹೋಯಿತು. ನಿಜವಾದ ತಪ್ಪು ಬೇರೆ ಕಡೆ ಇತ್ತು. ನನ್ನ ಪ್ರೋಗ್ರಾಮಿನಲ್ಲಿ ಪಾವತಿಗೆ ಎರಡೇ ಸ್ಥಿತಿಗಳಿದ್ದವು: ಆಯಿತು, ಇಲ್ಲವೇ ಆಗಲಿಲ್ಲ. ಅರವತ್ತು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಅದನ್ನು ‘ಆಗಲಿಲ್ಲ’ ಎಂದು ಬರೆಯುತ್ತಿದ್ದೆ. ಒಂದು ಭಾನುವಾರ ಸಂಜೆ, ಅಂಗಡಿ ತುಂಬಿದ್ದಾಗ, ಎರಡನೆಯ ಕೌಂಟರಿನಲ್ಲಿ 3,860 ರೂಪಾಯಿಯ ಬಿಲ್ ಹೋಯಿತು. ಗ್ರಾಹಕರ ಖಾತೆಯಿಂದ ಹಣ ಕಡಿತವಾಯಿತು, ಅಷ್ಟರಲ್ಲೇ ಅಂಗಡಿಯ ಇಂಟರ್ನೆಟ್ ಬಿದ್ದುಹೋಗಿದ್ದರಿಂದ ಆ ಸುದ್ದಿ ಕಂಪ್ಯೂಟರಿಗೆ ತಲುಪಲಿಲ್ಲ. ಪರದೆಯ ಮೇಲೆ ಕೆಂಪು ಬಣ್ಣ ಬಂತು. ಇಂಟರ್ನೆಟ್ ಮರಳಿದೊಡನೆ ಕ್ಯಾಷಿಯರ್ ಮತ್ತೆ ಕಳಿಸಿದರು, ಗ್ರಾಹಕರು ಮತ್ತೆ ಪಿನ್ ಒತ್ತಿದರು. “ಸರ್, ಫೇಲ್ ಅಂತ ತೋರಿಸಿತು, ಅದಕ್ಕೇ ಇನ್ನೊಂದು ಸಲ ಕಳಿಸಿದೆ” ಎಂದು ಅವರು ಹೇಳಿದಾಗ ಅವರದೇನೂ ತಪ್ಪಿರಲಿಲ್ಲ. ತಿಳಿಯದ ಸಂಗತಿಯನ್ನು ತಿಳಿದಂತೆ ತೋರಿಸಿದ್ದು ನನ್ನ ಪ್ರೋಗ್ರಾಮ್. ಅದೇ ರಾತ್ರಿ, ದಿನದ ವಹಿವಾಟುಗಳನ್ನು ಬ್ಯಾಂಕಿನೊಂದಿಗೆ ಚುಕ್ತಾ ಮಾಡುವ ಸೆಟಲ್‌ಮೆಂಟ್‌ಗೆ ಮುಂಚೆ, ಗಮನಕ್ಕೆ ಬಂದದ್ದರಿಂದ ಎರಡನೆಯ ವಹಿವಾಟನ್ನು ಮಷೀನಿನಲ್ಲೇ ವಾಯ್ಡ್, ಅಂದರೆ ರದ್ದು, ಮಾಡಲು ಸಾಧ್ಯವಾಯಿತು.

ಮರುದಿನ ‘ಗೊತ್ತಿಲ್ಲ’ ಎಂಬ ಮೂರನೆಯ ಸ್ಥಿತಿಯನ್ನು ಸೇರಿಸಿದೆ. ಈಗ ಮೊತ್ತ ಕಳಿಸುವುದಕ್ಕೆ ಮುಂಚೆಯೇ `C2-4187-1` ಎಂಬಂಥ ಗುರುತು ನಮ್ಮ ಡೇಟಾಬೇಸಿನಲ್ಲಿ ದಾಖಲಾಗುತ್ತದೆ: ಕೌಂಟರ್, ಬಿಲ್ ಸಂಖ್ಯೆ, ಎಷ್ಟನೆಯ ಪ್ರಯತ್ನ. ಕಂಪ್ಯೂಟರ್ ನಡುವೆ ನಿಂತುಹೋಗಿ ಮತ್ತೆ ಶುರುವಾದರೂ ಈ ಗುರುತು ಉಳಿದಿರುತ್ತದೆ. ಕಳಿಸಿದ ಮೇಲೆ ಮೂರು ಸೆಕೆಂಡಿಗೊಮ್ಮೆ ಅದೇ ಗುರುತಿನಿಂದ ಸ್ಥಿತಿಯನ್ನು ಕೇಳುತ್ತೇವೆ. ತೊಂಬತ್ತು ಸೆಕೆಂಡಾದರೂ ಉತ್ತರವಿಲ್ಲದಿದ್ದರೆ ಪರದೆ ಹಳದಿಯಾಗುತ್ತದೆ, ಮತ್ತು ‘ಮತ್ತೆ ಕಳಿಸಿ’ ಎಂಬ ಬಟನ್ ಕಾಣಿಸುವುದಿಲ್ಲ. ‘ಸ್ಥಿತಿ ಕೇಳಿ’ ಮತ್ತು ‘ರದ್ದು ಮಾಡಿ’ ಮಾತ್ರ ಇರುತ್ತವೆ.

ರದ್ದತಿಯ ವಿಷಯದಲ್ಲೂ ಎಚ್ಚರ ಬೇಕು. ನಾವು ರದ್ದು ಕಳಿಸುವ ಕ್ಷಣದಲ್ಲೇ ಗ್ರಾಹಕರು ಕಾರ್ಡ್ ತಾಗಿಸಿರಬಹುದು, ಆಗ ಹಣ ಹೋಗಿರುತ್ತದೆ, ರದ್ದತಿ ನಡೆಯುವುದಿಲ್ಲ. ಆದ್ದರಿಂದ ರದ್ದು ಕಳಿಸಿದ ಮೇಲೂ ಸ್ಥಿತಿಯನ್ನು ಕೇಳಿ, ‘ರದ್ದಾಗಿದೆ’ ಅಥವಾ ‘ನಿರಾಕರಣೆ’ ಎಂಬ ಖಚಿತ ಉತ್ತರ ಬಂದ ಮೇಲಷ್ಟೇ `C2-4187-2` ಹುಟ್ಟುತ್ತದೆ.

ಇಂಟರ್ನೆಟ್ಟೇ ಇಲ್ಲದ ಹೊತ್ತಿನಲ್ಲಿ ನಂಬಬಹುದಾದದ್ದು ಮಷೀನಿನಿಂದ ಬಂದ ಸ್ಲಿಪ್ ಒಂದೇ. ಅದರಲ್ಲಿ ಅನುಮೋದನೆಯಾಗಿದೆ ಎಂದಿದ್ದರೆ ಕ್ಯಾಷಿಯರ್ ಆರ್‌ಆರ್‌ಎನ್ ನೋಡಿ ಬಿಲ್ಲಿನಲ್ಲಿ ಬರೆಯುತ್ತಾರೆ, ಗ್ರಾಹಕರು ಬಟ್ಟೆ ತೆಗೆದುಕೊಂಡು ಹೋಗುತ್ತಾರೆ. ಹಾಗೆ ಕೈಯಾರೆ ಬರೆದ ಬಿಲ್ ಸಂಪರ್ಕ ಮರಳುವವರೆಗೂ ಹಳದಿಯಾಗಿಯೇ ಉಳಿಯುತ್ತದೆ. ಸರ್ವರ್ ಅದೇ ಆರ್‌ಆರ್‌ಎನ್ ಹೇಳಿದಾಗ ಮಾತ್ರ ಹಸಿರಾಗುತ್ತದೆ. ಒಂದಾದರೂ ಹಳದಿ ಬಿಲ್ ಉಳಿದಿದ್ದರೆ ದಿನದ ಲೆಕ್ಕ ಮುಚ್ಚಲು ಸಾಫ್ಟ್‌ವೇರ್ ಬಿಡುವುದಿಲ್ಲ.